ಮನಸ್ಸು ಬರಲಿ ಅಂತ ಕಾಯದೆ ಏಳೂವರೆಗೆ ಬೂಟು ಹಾಕಿದ್ದು

ಜುಲೈಯಲ್ಲಿ ಕೊಡಗಿನ ನಮ್ಮ ಸುಂಟಿಕೊಪ್ಪದ ಕಡೆ ಬೆಳಿಗ್ಗೆ ಹತ್ತು ಗಂಟೆಗೂ ಮನೆಯೊಳಗೆ ಲೈಟ್ ಹಾಕಬೇಕು, ಅದೂ ಕರೆಂಟ್ ಇದ್ದರೆ. ಹೋದ ವರ್ಷ ಆ ಕತ್ತಲೆ ನನಗೆ ಅನುಕೂಲವೇ ಆಗಿತ್ತು. ಹತ್ತೂವರೆವರೆಗೆ ಮಲಗಿದ್ದರೂ ಮಳೆ ಅಲ್ವಾ ಅಂತ ಹೇಳಬಹುದಿತ್ತು. ನಾಲ್ಕು ಎಕರೆ ರೊಬಸ್ಟಾ ಕಾಫಿ, ನಡುವೆ ಒಂದಿಷ್ಟು ಕಾಳುಮೆಣಸು, ಐದು ಜೇನುಪೆಟ್ಟಿಗೆ, ಇಷ್ಟು ನನ್ನ ಆಸ್ತಿ. ಮೇ ತಿಂಗಳಿಂದ ಇವುಗಳಲ್ಲಿ ಒಂದನ್ನೂ ನಾನು ಸರಿಯಾಗಿ ನೋಡಿರಲಿಲ್ಲ. ಅವ್ವ ತೀರಿಕೊಂಡದ್ದು ಫೆಬ್ರವರಿಯಲ್ಲಿ. ಮೊದಲ ಎರಡು ತಿಂಗಳು ಎಲ್ಲರ ಹಾಗೆ ಅತ್ತೆ, ಓಡಾಡಿದೆ, ಕಾರ್ಯ ಮುಗಿಸಿದೆ. ಆಮೇಲೆ ಅಳು ನಿಂತಿತು, ಅದರ ಜೊತೆಗೆ ಉಳಿದದ್ದೆಲ್ಲವೂ ನಿಂತಿತು.

ಜೂನ್ ಕೊನೆಯಲ್ಲಿ ನನ್ನ ಹೆಂಡತಿ ಮತ್ತು ತಮ್ಮ ಸೇರಿ ಮಡಿಕೇರಿಗೆ ಕರೆದುಕೊಂಡು ಹೋದರು. ಡಾಕ್ಟರ್ ಮೊದಲು ರಕ್ತ ಪರೀಕ್ಷೆ ಮಾಡಿಸಿದರು, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲ ಸರಿಯಿತ್ತು. ಆಮೇಲೆ ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಪಿಎಚ್‌ಕ್ಯೂ-9 ಅಂತ ಅದರ ಹೆಸರು. ಕಳೆದ ಎರಡು ವಾರದಲ್ಲಿ ನಿದ್ದೆ, ಹಸಿವು, ಆಸಕ್ತಿ, ಸುಸ್ತು ಹೇಗಿತ್ತು ಅಂತ ಕೇಳುತ್ತದೆ, ಒಟ್ಟು 27 ಅಂಕ, ಜಾಸ್ತಿ ಬಂದಷ್ಟೂ ಕೆಟ್ಟದ್ದು. ನನಗೆ 14 ಬಂತು. ಮಧ್ಯಮ ಖಿನ್ನತೆ ಅಂದರು. ನಾಲ್ಕು ವಾರ ಮಾತ್ರೆ ಇಲ್ಲದೆ ಒಂದು ವಿಧಾನ ನೋಡೋಣ, ಇಳಿಯದಿದ್ದರೆ ಮಾತ್ರೆ ಶುರು ಮಾಡೋಣ ಅಂತ ಹೇಳಿ ಪಕ್ಕದ ಕೋಣೆಯ ಸೈಕಾಲಜಿಸ್ಟ್ ಮೇಡಂ ಹತ್ತಿರ ಕಳಿಸಿದರು.

ಆ ಹಾಳೆಯ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. 'ಕೆಲವು ದಿನ' ಅನ್ನುವುದಕ್ಕೆ ಗುರುತು ಹಾಕಿದ್ದೆ. ಮೇಡಂ ಅದನ್ನು ನೋಡಿದವರೇ, ಸುತ್ತಿ ಬಳಸದೆ, "ಮನೇಲಿ ಕೋವಿ ಇದೆಯಾ?" ಅಂತ ಕೇಳಿದರು. ಕೊಡಗಿನಲ್ಲಿ ಇದು ಎಷ್ಟು ಸಾಮಾನ್ಯ ಪ್ರಶ್ನೆ ಅಂತ ಇಲ್ಲಿಯವರಿಗೆ ಗೊತ್ತು, ಆದರೆ ಆ ಕೋಣೆಯಲ್ಲಿ ಅದು ಬೇರೆ ಥರ ಕೇಳಿಸಿತು. ನನಗೆ ಯಾವ ಯೋಜನೆಯೂ ಇರಲಿಲ್ಲ, ಬದುಕಿ ಏನು ಪ್ರಯೋಜನ ಅನ್ನುವಷ್ಟೇ ಇದ್ದದ್ದು. ಆದರೂ ಕೋವಿ ಇಟ್ಟಿದ್ದ ಕಪಾಟಿನ ಬೀಗದ ಕೈ ಅವತ್ತೇ ತಮ್ಮನ ಮನೆಗೆ ಹೋಯಿತು, ತೋಟದ ಔಷಧಿ ಇಡುವ ಕೋಣೆಯ ಕೀಲಿ ಹೆಂಡತಿಯ ಕೈಗೆ. ರಾತ್ರಿ ಹೊತ್ತಲ್ಲಿ ಯೋಚನೆ ಜೋರಾದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಅಂತ ಹೇಳಿ ನಂಬರನ್ನು ನನ್ನ ಫೋನಿನಲ್ಲಿ ಅವರೇ ಹಾಕಿದರು. ಇಷ್ಟೆಲ್ಲ ಆದ ಮೇಲೆ ವಿಧಾನದ ಮಾತು.

ವಿಧಾನದ ಹೆಸರು ಬಿಹೇವಿಯರಲ್ ಆ್ಯಕ್ಟಿವೇಷನ್. ಮನಸ್ಸು ಸರಿಯಾದರೆ ಕೆಲಸ ಮಾಡುತ್ತೇನೆ ಅಂತ ನಾವು ಕಾಯುತ್ತೇವಲ್ಲ, ಅದನ್ನು ತಿರುಗಿಸಿ ಹಾಕುವುದು. ಸಣ್ಣ ಸಣ್ಣ ಕೆಲಸಗಳಿಗೆ ಹೊತ್ತು ಗೊತ್ತು ಮಾಡಿ, ಮನಸ್ಸು ಹೇಗೇ ಇರಲಿ ಆ ಹೊತ್ತಿಗೆ ಮಾಡುವುದು. "ಇಷ್ಟೇನಾ?" ಅಂದೆ. ಮಡಿಕೇರಿಗೆ ಬರಲು ಜೀಪಿನ ಡೀಸೆಲ್ ಖರ್ಚು ಮಾಡಿದ್ದು ಇದನ್ನು ಕೇಳಲಿಕ್ಕಾ ಅನಿಸಿತ್ತು. ಮೇಡಂಗೆ ಈ ಪ್ರಶ್ನೆ ಹೊಸದಲ್ಲ ಅಂತ ಕಾಣುತ್ತದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ ಅಂದರು. ಡಾಕ್ಟರ್ ಅಲ್ಲದ, ಆರೋಗ್ಯದ ಓದು ಓದದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಒಬ್ಬೊಬ್ಬ ರೋಗಿಗೆ ಆರರಿಂದ ಎಂಟು ಭೇಟಿ ಮಾಡಿಸಿದ್ದರು. ಮೂರು ತಿಂಗಳಾದ ಮೇಲೆ ಈ ವಿಧಾನ ಸಿಕ್ಕವರಲ್ಲಿ ನೂರಕ್ಕೆ 64 ಜನರ ಅಂಕ ಹತ್ತಕ್ಕಿಂತ ಕೆಳಗೆ ಬಂದಿತ್ತು, ಸಿಗದವರಲ್ಲಿ 39. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದೆ ಇದು. ನೂರಕ್ಕೆ ನೂರು ಅಂತ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. 64 ಅಂದದ್ದಕ್ಕೆ ಕೂತು ಕೇಳಿದೆ.

ಮೊದಲ ವಾರ ಏನನ್ನೂ ಬದಲಾಯಿಸಬಾರದು, ಸುಮ್ನೆ ಬರೆಯಬೇಕು. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸಾಲು. ಆ ಗಂಟೆಯಲ್ಲಿ ಏನು ಮಾಡಿದೆ, ಮನಸ್ಸು ಹತ್ತಕ್ಕೆ ಎಷ್ಟಿತ್ತು, ಅದರಲ್ಲಿ ಖುಷಿ ಎಷ್ಟು, ಏನಾದರೂ ಮುಗಿಸಿದೆ ಅನ್ನುವ ತೃಪ್ತಿ ಎಷ್ಟು. ಖುಷಿ ಮತ್ತು ತೃಪ್ತಿಯನ್ನು ಬೇರೆ ಬೇರೆ ಬರೆಯಬೇಕು, ಯಾಕೆಂದರೆ ಕೆಲವು ಕೆಲಸದಲ್ಲಿ ಖುಷಿ ಸೊನ್ನೆ ಇದ್ದರೂ ತೃಪ್ತಿ ಇರುತ್ತದೆ, ಕರೆಂಟ್ ಬಿಲ್ ಕಟ್ಟಿದ ಹಾಗೆ.

ನಾನು ಮಾಡಿದ್ದು ಏನು ಅಂದರೆ, ರಾತ್ರಿ ಮಲಗುವ ಮುಂಚೆ ಇಡೀ ದಿನದ ಹದಿನಾರು ಸಾಲನ್ನೂ ಒಟ್ಟಿಗೆ ತುಂಬಿಸಿದ್ದು. ಮುಂದಿನ ವಾರ ಹಾಳೆ ನೋಡಿ ಮೇಡಂ ನಕ್ಕರು. ಎಲ್ಲಾ ಸಾಲಿನಲ್ಲೂ 2, 2, 2, ಒಂದೇ ಪೆನ್ನು, ಒಂದೇ ಓರೆಯ ಅಕ್ಷರ. "ನೀವು ಬರೆದದ್ದು ರಾತ್ರಿ ಒಂಬತ್ತೂವರೆಯ ಮನಸ್ಸನ್ನು, ಹದಿನಾರು ಸಲ" ಅಂದರು. ಖಿನ್ನತೆ ಇರುವಾಗ ನೆನಪು ಹಾಗೇ ಕೆಲಸ ಮಾಡುತ್ತದಂತೆ, ಬೆಳಿಗ್ಗೆ ಚೆನ್ನಾಗಿದ್ದ ಅರ್ಧ ಗಂಟೆಯನ್ನೂ ರಾತ್ರಿಯ ಬಣ್ಣವೇ ಬಳಿದು ತೋರಿಸುತ್ತದೆ. ಅದಕ್ಕೆ ಎರಡು ಗಂಟೆಗೊಮ್ಮೆ ಬರೆಯಬೇಕು. ಅಡುಗೆಮನೆಯ ಕ್ಯಾಲೆಂಡರ್ ಪಕ್ಕ ಹಾಳೆ ನೇತು ಹಾಕಿ ಪೆನ್ಸಿಲ್ ದಾರದಲ್ಲಿ ಕಟ್ಟಿದೆ.

ಎರಡನೇ ಹಾಳೆ ಬೇರೆಯೇ ಕಥೆ ಹೇಳಿತು. ಹಾಸಿಗೆಯಲ್ಲಿ ಫೋನ್ ಹಿಡಿದು ವಿಡಿಯೋ ನೋಡುತ್ತಿದ್ದ ಹೊತ್ತು 2, ಆಮೇಲೆ 1. ಗ್ಯಾಸ್ ಸಿಲಿಂಡರ್ ತಂದ ಹುಡುಗನ ಹತ್ತಿರ ರಸ್ತೆ ಕೆಟ್ಟ ಬಗ್ಗೆ ಹತ್ತು ನಿಮಿಷ ಬೈದುಕೊಂಡಾಗ 4. ಕಟ್ಟೆಯಲ್ಲಿ ಕೂತು ಕತ್ತಿ ಮಸೆದಾಗ 5. ಕತ್ತಿ ಮಸೆದದ್ದು ನನಗೆ ನೆನಪೇ ಇರಲಿಲ್ಲ, ಬರೆಯದಿದ್ದರೆ ಆ 5 ಇತ್ತು ಅಂತ ನಾನೇ ಒಪ್ಪುತ್ತಿರಲಿಲ್ಲ.

ಇನ್ನೊಂದು ಸಾಲಿನ ಮೇಲೆ ಮೇಡಂ ಬೆರಳಿಟ್ಟರು. ಮಧ್ಯಾಹ್ನ ಹನ್ನೆರಡಕ್ಕೆ ಕಾಫಿ ವ್ಯಾಪಾರಿಯ ಫೋನ್, ತೆಗೆಯಲಿಲ್ಲ, ಸೈಲೆಂಟ್ ಮಾಡಿ ಮಲಗಿದೆ, ಮನಸ್ಸು 3. ಎರಡು ಗಂಟೆಗೆ 1. ಫೋನ್ ತೆಗೆಯದೆ ಇದ್ದಾಗ ಹೇಗನಿಸಿತು ಅಂತ ಕೇಳಿದರು. ನೆಮ್ಮದಿ ಆಯ್ತು ಅಂದೆ. "ಆ ನೆಮ್ಮದಿಯೇ ಕೂಲಿ. ತಪ್ಪಿಸಿಕೊಂಡದ್ದಕ್ಕೆ ನಿಮಗೆ ಕೈಯಲ್ಲೇ ಕೂಲಿ ಸಿಕ್ಕಿತು, ಅದಕ್ಕೇ ನಾಳೆಯೂ ತಪ್ಪಿಸಿಕೊಳ್ಳುತ್ತೀರಿ. ಸಾಲ ಸಂಜೆಗೆ ಬರುತ್ತದೆ" ಅಂದರು. ಎರಡು ತಿಂಗಳಿಂದ ನನ್ನನ್ನು ನಾನೇ ಸೋಮಾರಿ ಅಂತ ಬೈದುಕೊಂಡಿದ್ದೆ. ಇದು ಸೋಮಾರಿತನ ಅಲ್ಲ, ಒಂದು ಲೆಕ್ಕ, ಕೆಟ್ಟ ಲೆಕ್ಕ.

ಆಮೇಲೆ ಅವ್ವ ಹೋದ ಮೇಲೆ ದಿನದಲ್ಲಿ ಏನೇನು ಹೋಯಿತು ಅಂತ ಪಟ್ಟಿ ಮಾಡಲು ಹೇಳಿದರು. ಅವ್ವ ಹೋದಳು, ಇನ್ನೇನು ಬರೆಯೋದು ಅಂತ ಕೂತೆ. ಬರೆಯಲು ಶುರು ಮಾಡಿದ ಮೇಲೆ ನಿಲ್ಲಲಿಲ್ಲ. ಬೆಳಿಗ್ಗೆ ಐದೂವರೆಗೆ ಒಲೆ ಮುಂದೆ ಇಬ್ಬರೇ ಕುಡಿಯುತ್ತಿದ್ದ ಬೆಲ್ಲದ ಕಾಫಿ. ತೋಟದಿಂದ ಬಂದ ತಕ್ಷಣ 'ಎಲ್ಲಿವರೆಗೆ ಹೋಗಿದ್ದೆ' ಅನ್ನುವ ವಿಚಾರಣೆ. ಸಂಜೆ ಜೇನುಪೆಟ್ಟಿಗೆ ಹತ್ತಿರ ಹೋದರೆ ಹಿಂದೆಯೇ ಬಂದು ದೂರದಲ್ಲಿ ನಿಂತು ಬೈಯುವುದು. ಮತ್ತೆ ಮಳೆ ಲೆಕ್ಕ. ನಮ್ಮ ಅಂಗಳದಲ್ಲಿ ಮಳೆ ಅಳೆಯುವ ಡಬ್ಬ ಇದೆ, ಕೊಡಗಿನ ತೋಟದ ಮನೆಗಳಲ್ಲಿ ಇರುವ ಹಾಗೆ. ದಿನಾ ಬೆಳಿಗ್ಗೆ ಅಳೆದು ಇಂಚು, ಸೆಂಟು ಲೆಕ್ಕದಲ್ಲಿ ಡೈರಿಗೆ ಬರೆಯುವುದು, ನೂರು ಸೆಂಟಿಗೆ ಒಂದು ಇಂಚು. ಅವ್ವ ಅಡುಗೆಮನೆಯಿಂದಲೇ 'ಎಷ್ಟಾಯ್ತು?' ಅಂತ ಕೂಗುತ್ತಿದ್ದಳು. ನಾನು ಹೇಳುತ್ತಿದ್ದೆ. 'ಹೋದ ವರ್ಷ ಈ ದಿನಕ್ಕೆ ಇದಕ್ಕಿಂತ ಜಾಸ್ತಿ' ಅನ್ನುತ್ತಿದ್ದಳು, ಎಷ್ಟೇ ಬಂದಿದ್ದರೂ.

ಪೀಟರ್ ಲೆವಿನ್‌ಸನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಹೇಳಿದ ವಿಚಾರ ಇದೇ ಅಂತೆ. ನಾವು ಏನೋ ಮಾಡುತ್ತೇವೆ, ಅದಕ್ಕೆ ಬದಲಾಗಿ ಲೋಕದಿಂದ ಏನೋ ವಾಪಸ್ ಬರುತ್ತದೆ, ಒಂದು ಮಾತು, ಒಂದು ನಗು, ಮುಗಿದ ಕೆಲಸ. ಆ ಬರುವುದು ನಿಂತಾಗ ಮಾಡುವುದೂ ನಿಲ್ಲುತ್ತದೆ, ಮಾಡುವುದು ನಿಂತರೆ ಬರುವುದು ಇನ್ನೂ ಕಡಿಮೆ. ನನಗೆ ಒಂದೇ ಸಾವಿನಲ್ಲಿ ದಿನಕ್ಕೆ ಏಳೆಂಟು ಕಡೆ ಬರುತ್ತಿದ್ದದ್ದು ನಿಂತಿತ್ತು.

ಈಗ ಯೋಜನೆ. ಉತ್ಸಾಹದಲ್ಲಿ ನಾನು ಬರೆದದ್ದು: 'ಬೆಳಿಗ್ಗೆ ತೋಟಕ್ಕೆ ಹೋಗಿ ಕಾಫಿ ಗಿಡದ ಚಿಗುರು ತೆಗೆಯುವುದು.' ಸೋಮವಾರ ಹೋಗಲಿಲ್ಲ, ಮಂಗಳವಾರ ಹೋಗಲಿಲ್ಲ, ಬುಧವಾರ ಬೂಟಿನವರೆಗೆ ಹೋಗಿ ವಾಪಸ್ ಮಲಗಿದೆ. ಇನ್ನೂ ಕೆಟ್ಟದಾಯಿತು, ಇಷ್ಟೂ ಆಗಲಿಲ್ಲವಲ್ಲ ಅಂತ. ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. ಯೋಜನೆ ಮುರಿದರೆ ಮನುಷ್ಯನನ್ನು ನೋಡಬಾರದು, ಅಳತೆಯನ್ನು ನೋಡಬೇಕು ಅಂದರು. ನಾನು ಬರೆದ ವಾಕ್ಯದಲ್ಲಿ ಎಷ್ಟು ಗಿಡ ಅಂತ ಇಲ್ಲ, ಎಷ್ಟು ಹೊತ್ತಿಗೆ ಅಂತ ಇಲ್ಲ, ಮಳೆ ಬಂದರೆ ಏನು ಅಂತ ಇಲ್ಲ. ಕೊಡಗಿನಲ್ಲಿ ಜುಲೈ ತಿಂಗಳ ಯೋಜನೆಯಲ್ಲಿ ಮಳೆ ಬಂದರೆ ಏನು ಅಂತ ಬರೆಯದೆ ಇರುವುದು ಅಂದರೆ ಮೊದಲೇ ರಜೆ ಬರೆದ ಹಾಗೆ. ಇವತ್ತಿನ ಅತಿ ಕೆಟ್ಟ ಹೊತ್ತಲ್ಲೂ ಮಾಡಬಹುದಾದದ್ದು ಏನು ಅಂತ ಕೇಳಿದರು. ಮಳೆ ಅಳೆಯಬಹುದು ಅಂದೆ. ಅಂಗಳದಲ್ಲಿ ಹದಿನೈದು ಹೆಜ್ಜೆ.

ಹಾಗಾಗಿ ಹೊಸ ಸಾಲು: ಏಳೂವರೆಗೆ ಗಮ್ ಬೂಟ್ ಹಾಕಿ, ಕೊಡೆ ಹಿಡಿದು ಡಬ್ಬದ ಹತ್ತಿರ ಹೋಗಿ, ಅಳೆದು, ಬರೆಯುವುದು. ಬೂಟು ರಾತ್ರಿಯೇ ಮಂಚದ ಕಾಲಿನ ಹತ್ತಿರ ಇರಬೇಕು. ಮುಂಚೆಯೇ ಒಂದು ಅಂದಾಜು ಬರೆಯಬೇಕು, ಇದರಿಂದ ಮನಸ್ಸು ಎಷ್ಟಾಗಬಹುದು ಅಂತ. 1 ಅಂತ ಬರೆದೆ.

ಮೊದಲ ದಿನ ಹೋದಾಗ ಡಬ್ಬ ತುಂಬಿ ಉಕ್ಕಿತ್ತು. ಎರಡು ತಿಂಗಳಿಂದ ಯಾರೂ ಖಾಲಿ ಮಾಡಿಲ್ಲ, ಒಳಗೆ ಹಲಸಿನ ಎಲೆ ಕೊಳೆತು ಕಪ್ಪಾಗಿತ್ತು. ಅಳೆಯಲು ಏನೂ ಇರಲಿಲ್ಲ, ತೊಳೆದು ಇಟ್ಟು ಬಂದೆ. ಮನಸ್ಸು 3, ತೃಪ್ತಿ 4. ಕಾಲಿಗೆ ಎರಡು ಜಿಗಣೆ. ಮಾರನೇ ದಿನ ಅಳತೆ ಗ್ಲಾಸಿಗೆ ಸುರಿದಾಗ ಎರಡು ಇಂಚು ನಲವತ್ತು ಸೆಂಟು. ಡೈರಿಯಲ್ಲಿ ಬರೆದೆ. ಮನಸ್ಸು 2. ಮೂರನೇ ದಿನವೂ 2. ನಾಲ್ಕನೇ ದಿನವೂ.

ಇಲ್ಲೇ ನಾನು ಬಿಟ್ಟುಬಿಡುವವನಿದ್ದೆ, ಮಾಡಿದೆನಲ್ಲ, ಏನೂ ಆಗಲಿಲ್ಲವಲ್ಲ ಅಂತ. ಈಗ ಯೋಚಿಸಿದರೆ ಇಡೀ ವಿಧಾನದಲ್ಲಿ ಜಾಣತನ ಇರುವುದೂ ಇಲ್ಲೇ. ಕೆಲಸ ಮಾಡಿಯೂ ಅಂಕ ಏರದಿದ್ದರೆ ಕೆಲಸದಲ್ಲಿ ಸಿಗಬೇಕಾದದ್ದು ಸಿಗುತ್ತಿಲ್ಲ ಅಂತ ಅರ್ಥ, ಏನು ಸಿಗುತ್ತಿಲ್ಲ ಅಂತ ಹುಡುಕಬೇಕು. ಮೇಡಂ ಕೇಳಿದರು, "ಮುಂಚೆ ಅಳೆದಾಗ ಏನು ಸಿಗುತ್ತಿತ್ತು?" ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು. ಎರಡು ಇಂಚು ನಲವತ್ತು ಸೆಂಟು ಅನ್ನುವುದು ಸಿಗುತ್ತಿದ್ದದ್ದಲ್ಲ, 'ಎಷ್ಟಾಯ್ತು?' ಅನ್ನುವುದು. ಈಗ ಯಾರೂ ಕೇಳುವವರಿಲ್ಲದೆ ಆ ಸಂಖ್ಯೆ ಡೈರಿಯಲ್ಲಿ ಸತ್ತು ಬಿದ್ದಿತ್ತು. "ಈ ಸಂಖ್ಯೆ ಬೇಕು ಅನ್ನುವವರು ಇನ್ಯಾರಿದ್ದಾರೆ?" ಅಂದರು.

ಇದ್ದರು. ಮಾದಾಪುರದ ಕಡೆ ಒಬ್ಬರು ರಿಟೈರ್ಡ್ ಮಾಸ್ಟ್ರು, ಮಳೆ ಡೈರಿಯಲ್ಲಿ ನಮ್ಮನ್ನೆಲ್ಲ ಮೀರಿಸಿದವರು. ಯೋಜನೆಗೆ ಒಂದು ತುಂಡು ಸೇರಿತು: ಅಳೆದ ಮೇಲೆ ಎಂಟರೊಳಗೆ ಮಾಸ್ಟ್ರಿಗೆ ಫೋನ್, ಸಂಖ್ಯೆ ಹೇಳಿ ಇಡುವುದು, ಅಷ್ಟೇ. ಅಂದಾಜು 0, ಯಾಕೆಂದರೆ ಫೋನ್ ಅಂದರೆ ನನಗೆ ಹೊಟ್ಟೆಯಲ್ಲಿ ಸಂಕಟ. "ಮಾಸ್ಟ್ರೇ, ಇವತ್ತು ಮೂರು ಹತ್ತು" ಅಂದೆ. ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. "ನಿನ್ನ ಡಬ್ಬ ಸರಿ ಇಲ್ಲ ಮಾರಾಯ, ನನಗೆ ನಾಲ್ಕು ಇಪ್ಪತ್ತು" ಅಂದರು. ನನ್ನ ಡಬ್ಬ ಸರಿ ಇದೆ, ನಿಮ್ಮದು ಮರದ ಕೆಳಗಿದೆ, ಎಲೆಯ ನೀರೂ ಬೀಳುತ್ತದೆ ಅಂತ ನಾನು ವಾದಕ್ಕೆ ಇಳಿದೆ. ಏಳು ನಿಮಿಷ ಮಾತಾಡಿದ್ದೆವು. ಮನಸ್ಸು 5. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ನಾನು ಜೋರಾಗಿ ಮಾತಾಡಿದ್ದು ಅವಳಿಗೆ ಯಾವ ಕಾಲದ್ದೋ ಅನಿಸಿರಬೇಕು.

ಎರಡನೇ ಸಾಲು ಜೇನುಪೆಟ್ಟಿಗೆ. ಮಳೆಗಾಲದಲ್ಲಿ ಹೂವಿಲ್ಲ, ತುಡುವೆ ಜೇನಿಗೆ ಸಕ್ಕರೆ ನೀರು ಕೊಡದಿದ್ದರೆ ಪೆಟ್ಟಿಗೆ ಬಿಟ್ಟು ಹೋಗುತ್ತವೆ. ಐದರಲ್ಲಿ ಎರಡು ಆಗಲೇ ಖಾಲಿ. ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು, ಕಾಯಿಸಿ ಆರಿಸಿ ತೆಂಗಿನ ಚಿಪ್ಪಿನಲ್ಲಿ ಹಾಕಿ, ಜೇನು ಮುಳುಗದ ಹಾಗೆ ಮೇಲೆ ಎರಡು ಕಡ್ಡಿ ಇಟ್ಟು, ಪೆಟ್ಟಿಗೆಯೊಳಗೆ ಇಡಬೇಕು. ಕತ್ತಲಾಗುವ ಹೊತ್ತಿಗೇ ಇಡಬೇಕು, ಹಗಲಲ್ಲಿ ಇಟ್ಟರೆ ಬೇರೆ ಪೆಟ್ಟಿಗೆಯ ಹುಳ ದೋಚಲು ಬರುತ್ತದೆ. ಇದಕ್ಕೆ ಹೊತ್ತು ಅದಾಗಿಯೇ ಗೊತ್ತಾಗುತ್ತದೆ, ಸಂಜೆ ಆರು ಕಾಲು. ದಿನ ಬಿಟ್ಟು ದಿನ, ಒಂದೇ ಪೆಟ್ಟಿಗೆ. ಮಾರನೇ ದಿನ ಮುಚ್ಚಳ ಎತ್ತಿದರೆ ಚಿಪ್ಪು ಒಣಗಿ ನೆಕ್ಕಿಟ್ಟ ಹಾಗೆ ಇರುತ್ತಿತ್ತು. ನಾನು ಕೊಟ್ಟೆ, ಅವು ತಿಂದವು. ಇದಕ್ಕೆ ಯಾರೂ ಫೋನ್ ಎತ್ತಬೇಕಾಗಿಲ್ಲ. ಖುಷಿ 6 ಅಂತ ಮೊದಲ ಸಲ ಬರೆದದ್ದು ಆ ಖಾಲಿ ಚಿಪ್ಪಿಗೆ.

ಎರಡು ವಾರದ ಕೊನೆಗೆ ಅಂದಾಜು ಮತ್ತು ನಿಜವಾದ ಅಂಕ ಪಕ್ಕ ಪಕ್ಕ ಇಟ್ಟು ನೋಡಿದೆವು. ಹನ್ನೊಂದು ಸಲದಲ್ಲಿ ಒಂಬತ್ತು ಸಲ ನನ್ನ ಅಂದಾಜು ನಿಜಕ್ಕಿಂತ ಕೆಳಗಿತ್ತು. ಇದರಿಂದ ಯಾವುದೂ ಬೇಡ ಅನಿಸುವುದು ನಿಲ್ಲಲಿಲ್ಲ, ಬೆಳಿಗ್ಗೆ ಈಗಲೂ ಬೇಡ ಅಂತಲೇ ಅನಿಸುತ್ತಿತ್ತು. ಆದರೆ 'ಬೇಡ' ಅನ್ನುವವನು ಒಂಬತ್ತು ಸಲ ತಪ್ಪು ಹೇಳಿದ್ದಾನೆ ಅನ್ನುವುದು ಕಾಗದದ ಮೇಲೆ ಇತ್ತು.

ಎಲ್ಲ ನೇರವಾಗಿ ಏರಿತು ಅಂದುಕೊಳ್ಳಬೇಡಿ. ಮೂರನೇ ವಾರ ಒಂದು ದಿನ ಮಳೆ ಬಿಟ್ಟು ಬಿಸಿಲು ಬಂತು, ಮನಸ್ಸು 7. ಹುರುಪಿನಲ್ಲಿ ತೋಟಕ್ಕೆ ನುಗ್ಗಿ ಬೆಳಿಗ್ಗೆಯಿಂದ ಸಂಜೆವರೆಗೆ ಚಿಗುರು ಮುರಿದೆ. ಮುಂದಿನ ಎರಡು ದಿನ ಹಾಸಿಗೆ, ಮಳೆಯನ್ನೂ ಅಳೆಯಲಿಲ್ಲ. ಮೇಡಂಗೆ ಹೆಮ್ಮೆಯಿಂದ ಹೇಳಿದರೆ ಅವರು ಹೊಗಳಲಿಲ್ಲ. ಮನಸ್ಸು ಕೆಟ್ಟದ್ದು ಅಂತ ಬಿಡುವುದೂ, ಒಳ್ಳೆಯದು ಅಂತ ಎಂಟು ಗಂಟೆ ಮಾಡುವುದೂ ಒಂದೇ ರೋಗ, ಎರಡರಲ್ಲೂ ಯಜಮಾನ ಮನಸ್ಸೇ ಅಂದರು. ಹತ್ತು ಗಿಡ ಅಂತ ಬರೆದರೆ ಹತ್ತೇ ಗಿಡ. ಹನ್ನೊಂದನೆಯದು ಎಷ್ಟು ಕರೆದರೂ ನಾಳೆಗೆ. ಇದು ನನಗೆ ಎಲ್ಲಕ್ಕಿಂತ ಕಷ್ಟವಾದ ನಿಯಮ, ಈಗಲೂ ಪೂರ್ತಿ ಒಪ್ಪಿಗೆ ಇಲ್ಲ, ಆದರೂ ಪಾಲಿಸಿದೆ.

ಇನ್ನೊಂದು ತೊಂದರೆ ಹೊರಗಿಂದ ಕಾಣುವಂಥದ್ದಲ್ಲ. ಹತ್ತು ಗಿಡದ ಚಿಗುರು ಮುರಿದು ಬಂದರೂ ಕೆಲವು ದಿನ 2 ಬರುತ್ತಿತ್ತು. ಕೈ ಚಿಗುರಿನಲ್ಲಿ, ತಲೆ ಆಸ್ಪತ್ರೆಯಲ್ಲಿ. ಅವ್ವನನ್ನು ಎರಡು ದಿನ ಮುಂಚೆ ಕರೆದುಕೊಂಡು ಹೋಗಿದ್ದರೆ, ಅನ್ನುವ ಗಾಣ ತಿರುಗುತ್ತಿತ್ತು. ಮಾಡಿದ್ದೇನೆ ಅಂತ ಸಾಲು ತುಂಬುತ್ತದೆ, ಆದರೆ ನಾನು ಅಲ್ಲಿ ಇರುವುದೇ ಇಲ್ಲ. ಮೇಡಂ ಕೊಟ್ಟ ಪರೀಕ್ಷೆ ಸರಳ: ಎರಡು ನಿಮಿಷ ಯೋಚಿಸಿ ನೋಡಿ, ಏನಾದರೂ ಹೊಸದು ಗೊತ್ತಾಯಿತಾ, ಮಾಡಬೇಕಾದ ಕೆಲಸ ಏನಾದರೂ ಹೊಳೆಯಿತಾ? ಇಲ್ಲ ಅಂದರೆ ಅದು ಯೋಚನೆ ಅಲ್ಲ, ಅದೂ ಒಂದು ತಪ್ಪಿಸಿಕೊಳ್ಳುವಿಕೆ. ಅದನ್ನು ಓಡಿಸಲು ಹೋಗಬಾರದು, ಗಮನವನ್ನು ಕೈಗೆ ತರಬೇಕು. ಚಿಗುರು ಬುಡದಲ್ಲೇ ಮುರಿಯಿತಾ, ಚಟ್ ಅಂತ ಸದ್ದು ಬಂತಾ, ಎಲೆಯ ನೀರು ತೋಳಿನೊಳಗೆ ಎಲ್ಲಿವರೆಗೆ ಇಳಿಯಿತು. ಒಂದು ಬೆಳಿಗ್ಗೆಯಲ್ಲಿ ಮೂವತ್ತು ಸಲ ವಾಪಸ್ ತರಬೇಕಾಗಿತ್ತು. ಆಮೇಲಾಮೇಲೆ ಹತ್ತು ಸಲ.

ನಾಲ್ಕನೇ ವಾರಕ್ಕೆ ಒಂಬತ್ತು ಪ್ರಶ್ನೆಯ ಹಾಳೆಯಲ್ಲಿ 11. ನನಗೆ ನಿರಾಸೆ, ಡಾಕ್ಟರಿಗೆ ಅಲ್ಲ. ಗಂಟೆ ಗಂಟೆಯ ಅಂಕ ಮೊದಲು ಏರುತ್ತದೆ, ಎರಡು ವಾರದ್ದನ್ನು ಕೇಳುವ ಹಾಳೆ ಹಿಂದಿನಿಂದ ನಿಧಾನಕ್ಕೆ ಬರುತ್ತದೆ ಅಂದರು. ಇಳಿಯುತ್ತಿದೆ ಅಂತ ಮಾತ್ರೆ ಶುರು ಮಾಡಲಿಲ್ಲ. ಅಂಕ ಹತ್ತೊಂಬತ್ತೋ ಇಪ್ಪತ್ತೋ ಇದ್ದಿದ್ದರೆ, ಊಟ ನಿದ್ದೆ ಪೂರ್ತಿ ಬಿಟ್ಟಿದ್ದರೆ, ಸಾಯುವ ಯೋಚನೆ ಗಟ್ಟಿಯಾಗಿದ್ದರೆ ಹೀಗೆ ಕಾಯುತ್ತಿರಲಿಲ್ಲ ಅಂತಲೂ ಹೇಳಿದರು. ನನ್ನದನ್ನು ನೋಡಿ ಯಾರೂ ಕುಡಿಯುತ್ತಿರುವ ಮಾತ್ರೆ ಬಿಡಬೇಡಿ.

ಕಾಫಿ ವ್ಯಾಪಾರಿಗೆ ಫೋನ್ ಮಾಡಿದ್ದು ಆರನೇ ವಾರ. ಅದನ್ನೂ ತುಂಡು ಮಾಡಿದ್ದೆವು. ಮೊದಲ ದಿನ ಅವರು ಕಳಿಸಿದ ಮೆಸೇಜ್ ಓದುವುದು ಮಾತ್ರ. ಎರಡನೇ ದಿನ ಕೊಡಬೇಕಾದ್ದು, ಬರಬೇಕಾದ್ದು ಒಂದು ಚೀಟಿಯಲ್ಲಿ ಬರೆಯುವುದು. ಮೂರನೇ ದಿನ ಹನ್ನೊಂದು ಗಂಟೆಗೆ, ಮಾಸ್ಟ್ರ ಹತ್ತಿರ ಜಗಳ ಆಡಿದ ಮೇಲಿನ ಹೊತ್ತಿಗೆ, ಫೋನ್. ಎರಡು ತಿಂಗಳು ಹೆದರಿದ್ದ ಮಾತು ನಾಲ್ಕು ನಿಮಿಷದಲ್ಲಿ ಮುಗಿಯಿತು. ಖುಷಿ 1, ತೃಪ್ತಿ 8. ಎಂಟನೇ ವಾರಕ್ಕೆ ಹಾಳೆಯಲ್ಲಿ 6, ಒಂಬತ್ತನೇ ಪ್ರಶ್ನೆಗೆ ಸೊನ್ನೆ.

ಸೆಪ್ಟೆಂಬರ್ ಮೊದಲ ವಾರ ನಮ್ಮಲ್ಲಿ ಕೈಲ್‌ಮುಹೂರ್ತ ಹಬ್ಬ. ಕೋವಿ, ಕತ್ತಿ ಎಲ್ಲ ತೊಳೆದು ಒರೆಸಿ, ತೋಕ್ ಪೂ ಅನ್ನುವ ಹೂ ಇಟ್ಟು ಪೂಜೆ. ತಮ್ಮ ಬೀಗದ ಕೈ ತಂದ, ಕಪಾಟು ತೆಗೆದ, ಕೋವಿ ಇಳಿಸಿದ. ನಾನು ಎಣ್ಣೆ ಹಾಕಿ ಒರೆಸಿದೆ. ಪೂಜೆ ಆಯಿತು, ಕಡಂಬುಟ್ಟು, ಪಂದಿ ಸಾರು ಆಯಿತು. ಸಂಜೆ ಹೊರಡುವಾಗ ತಮ್ಮ ಕೋವಿಯನ್ನು ವಾಪಸ್ ಕಪಾಟಿಗಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ನನ್ನ ಕಡೆ ಚಾಚಿದ. "ಇನ್ನು ಬೇಕಾಗಿಲ್ಲ ಅಲ್ವಾ ಅಣ್ಣ?" ಅಂದ. "ಈ ವರ್ಷ ನಿನ್ನ ಹತ್ತಿರವೇ ಇರಲಿ" ಅಂದೆ. ಅವನು ಏನೂ ಹೇಳದೆ ಜೇಬಿಗೆ ಹಾಕಿಕೊಂಡ. ಗಂಟೆ ಆರಾಗಿತ್ತು, ಸಕ್ಕರೆ ನೀರು ಆರಿರಲಿಲ್ಲ, ಚಿಪ್ಪನ್ನು ತಣ್ಣೀರಿನ ಪಾತ್ರೆಯಲ್ಲಿ ತೇಲಿಸಿ ಕಾದೆ.